ಲೋಕಲ್ ರೈಲಿನ ಗದ್ದಲದಲ್ಲಿ ಒಂದು ತಿಂಗಳು: ಎರಡು ಅಗ್ಗದ ಇಯರ್‌ಬಡ್‌ಗಳ ಹೋಲಿಕೆ

ಮುಂಬೈ ಲೋಕಲ್‌ನಲ್ಲಿ ದಿನವೂ ಓಡಾಡುವವರು ಕಿವಿಯನ್ನು ಪೂರ್ತಿ ಮುಚ್ಚುವ, ರಬ್ಬರ್ ತುದಿಯ ಇಯರ್‌ಬಡ್‌ಗಳನ್ನೇ ಕೊಳ್ಳಬೇಕು. ನನ್ನ ತೀರ್ಪು ಇಷ್ಟೇ. ಅದಕ್ಕೆ ಕಾರಣ ಸಂಗೀತದ ಸೊಗಸಿಗಿಂತ ಹೆಚ್ಚಾಗಿ ಕಿವಿಯ ಆರೋಗ್ಯ.

ನಾನು ಡೊಂಬಿವಲಿಯಿಂದ ಮಾಟುಂಗಾದ ಕಾಲೇಜಿಗೆ ಹೋಗಿ ಬರುವ ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿ. ಸ್ಲೋ ಲೋಕಲ್‌ನಲ್ಲಿ ಒಂದು ಕಡೆಗೆ ಸುಮಾರು ಒಂದು ಗಂಟೆ. ಆನ್‌ಲೈನ್ ಮಾರಾಟದಲ್ಲಿ 1,499 ರೂಪಾಯಿಗೆ ನಾನೊಂದು ಜೊತೆ ಕೊಂಡೆ. ಅದೇ ವಾರ ತಂಗಿ 1,199 ರೂಪಾಯಿಯ ಇನ್ನೊಂದನ್ನು ತರಿಸಿಕೊಂಡಳು. ಒಂದು ತಿಂಗಳು ಇಬ್ಬರೂ ಅದಲು ಬದಲು ಮಾಡಿಕೊಂಡು ಬಳಸಿದೆವು. ಈ ಬೆಲೆಯಲ್ಲಿ ಮಾದರಿಗಳ ಹೆಸರು ಬೇಗ ಬೇಗ ಬದಲಾಗುತ್ತದೆ, ರಚನೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಬಣ್ಣದಿಂದಲೇ ಕರೆಯುತ್ತೇನೆ. ನನ್ನದು ಕಪ್ಪು: ರಬ್ಬರ್ ತುದಿ, 10 ಮಿಲಿಮೀಟರ್ ಸ್ಪೀಕರ್, ಎಎನ್‌ಸಿ ಇದೆ. ತಂಗಿಯದು ಬಿಳಿ: ಉದ್ದನೆಯ ಕಡ್ಡಿ, ರಬ್ಬರ್ ತುದಿಯಿಲ್ಲದೆ ಕಿವಿಯ ಅಂಚಿನಲ್ಲಿ ಕೂರುವ ಬಗೆ, 13 ಮಿಲಿಮೀಟರ್ ಸ್ಪೀಕರ್, ಇಎನ್‌ಸಿ ಇದೆ.

ಈ ಎರಡು ಹೆಸರುಗಳನ್ನು ಒಂದೇ ಎಂದು ತಿಳಿದು ಕೊಳ್ಳುವವರು ನನ್ನ ತರಗತಿಯಲ್ಲೇ ಹಲವರಿದ್ದಾರೆ. ಎಎನ್‌ಸಿ ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ನಮ್ಮ ಕಿವಿಗೆ ಬಿಟ್ಟು ಸದ್ದನ್ನು ತಗ್ಗಿಸುತ್ತದೆ. ಇಎನ್‌ಸಿಯ ಪ್ರಯೋಜನ ನಮಗಲ್ಲ, ಕರೆಯ ಆ ತುದಿಯಲ್ಲಿ ಇರುವವರಿಗೆ: ನಮ್ಮ ಮಾತಿನ ಹಿಂದಿನ ಗದ್ದಲವನ್ನು ಅದು ಸೋಸುತ್ತದೆ. ಡಬ್ಬಿಯ ಮೇಲೆ ‘ನಾಯ್ಸ್ ಕ್ಯಾನ್ಸಲೇಷನ್’ ಎಂದಷ್ಟೇ ದಪ್ಪ ಅಕ್ಷರದಲ್ಲಿ ಇದ್ದರೆ, ಕೆಳಗಿನ ಸಣ್ಣ ಅಕ್ಷರವನ್ನು ಓದಿಯೇ ದುಡ್ಡು ಕೊಡಿ.

ರೈಲಿನಲ್ಲಿ ಕಪ್ಪಿನ ಎಎನ್‌ಸಿ ಹಾಕಿದೊಡನೆ ಚಕ್ರಗಳ ಗುಡುಗು ಮತ್ತು ಫ್ಯಾನಿನ ಗುಂಯ್‌ಗುಡುವಿಕೆ ತಗ್ಗುತ್ತವೆ. ಪಕ್ಕದಲ್ಲಿ ನಿಂತವರ ಮಾತು, ಭಜನಾ ಮಂಡಳಿಯ ತಾಳ ತಗ್ಗುವುದಿಲ್ಲ. ಒಂದೇ ಸಮನೆ ಇರುವ ತಗ್ಗಿದ ಸ್ವರದ ಸದ್ದನ್ನು ಮಾತ್ರ ಈ ತಂತ್ರ ಚೆನ್ನಾಗಿ ನಿಭಾಯಿಸುತ್ತದೆ; ಉಳಿದದ್ದನ್ನು ತಡೆಯುವುದು ರಬ್ಬರ್ ತುದಿಯೇ. ಬಾಗಿಲ ಬಳಿ ನಿಂತರೆ ಗಾಳಿ ನೇರವಾಗಿ ಮೈಕಿಗೆ ಹೊಡೆದು ಕಿವಿಯೊಳಗೆ ಬೇರೆಯದೇ ಭೋರೆಂಬ ಸದ್ದು ಹುಟ್ಟುತ್ತದೆ. ಅಲ್ಲಿ ಎಎನ್‌ಸಿ ಆಫ್ ಮಾಡುವುದೇ ಲೇಸು.

ಈಗ ಮುಖ್ಯ ವಿಷಯ. ಕುರ್ಲಾ ದಾಟುವಾಗ ಕಪ್ಪಿನಲ್ಲಿ ಫೋನಿನ ಧ್ವನಿ ಅರ್ಧದಷ್ಟಿದ್ದರೆ ನನಗೆ ಹಾಡಿನ ಪ್ರತಿ ಪದವೂ ಕೇಳಿಸುತ್ತಿತ್ತು. ಬಿಳಿಯದರಲ್ಲಿ ಅದೇ ಹಾಡಿಗೆ ಬಹುತೇಕ ಪೂರ್ತಿ ಏರಿಸಬೇಕಾಯಿತು; ಫೋನ್ ಎಚ್ಚರಿಕೆಯ ಸಂದೇಶವನ್ನೂ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ದಿನಕ್ಕೆ ಎರಡು ಗಂಟೆ ರೈಲಿನಲ್ಲಿ ಕಳೆಯುವವರ ಪಾಲಿಗೆ ಆ ನಾಲ್ಕು ಗಂಟೆ ಮಂಗಳವಾರಕ್ಕೇ ಮುಗಿದುಹೋಗುತ್ತದೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಇಪ್ಪತ್ತು ದಾಟದ ನಮ್ಮ ವಯಸ್ಸಿನವರು ಬೆಲೆಗಿಂತ ಮೊದಲು ಇದನ್ನು ಯೋಚಿಸಬೇಕು.

ಹಾಡಿನ ಗುಣಮಟ್ಟಕ್ಕೆ ನನ್ನ ಪರೀಕ್ಷೆ ಯಕ್ಷಗಾನ. ನಮ್ಮದು ಉಡುಪಿ ಕಡೆಯ ಮನೆ, ಅಪ್ಪನ ಫೋನಿನ ತುಂಬ ಆಟದ ಧ್ವನಿಮುದ್ರಣಗಳೇ. ಮದ್ದಳೆಯ ಗುಮಕು, ಚೆಂಡೆಯ ಸಿಡಿಲಿನಂಥ ಪೆಟ್ಟು, ಇವೆರಡರ ನಡುವೆ ಭಾಗವತರ ಕಂಠ: ಅಗ್ಗದ ಸ್ಪೀಕರಿನ ಬಂಡವಾಳ ಇಲ್ಲಿ ಬಯಲಾಗುತ್ತದೆ. ಕಪ್ಪಿನಲ್ಲಿ ಮದ್ದಳೆ ಅತಿಯಾಗಿ ಊದಿಕೊಂಡು ಭಾಗವತರು ಹಿಂದಿನ ಸಾಲಿಗೆ ಸರಿದರು. ಆ್ಯಪ್‌ನ ಈಕ್ವಲೈಜರ್‌ನಲ್ಲಿ ಬೇಸ್ ಇಳಿಸಿ, ನಡುವಿನ ಸ್ವರವನ್ನು ಸ್ವಲ್ಪ ಏರಿಸಿದ ಮೇಲೆ ಪದ ಸ್ಪಷ್ಟವಾಯಿತು. ಈಗ ಅದೇ ಹೊಂದಿಕೆಯಲ್ಲಿ ಭಾವಗೀತೆಗಳನ್ನೂ ಕೇಳುತ್ತೇನೆ. ಬಿಳಿಯದರಲ್ಲಿ ಕಂಠ ಮೊದಲಿನಿಂದಲೂ ತಿಳಿಯಾಗಿದೆ, ಆದರೆ ಚೆಂಡೆ ಕಿವಿಗೆ ಚುಚ್ಚುತ್ತದೆ; ಮದ್ದಳೆಯಲ್ಲಿ ತೂಕವೇ ಇಲ್ಲ. ಸ್ಪೀಕರ್ ದೊಡ್ಡದಿದ್ದರೂ ಕಿವಿಗೂ ಬಡ್‌ಗೂ ನಡುವೆ ಸಂದಿಯಿದ್ದರೆ ತಗ್ಗಿದ ಸ್ವರಗಳು ಅಲ್ಲಿಂದಲೇ ಸೋರಿಹೋಗುತ್ತವೆ. ಡಬ್ಬಿಯ ಮೇಲಿನ ಮಿಲಿಮೀಟರ್ ಲೆಕ್ಕವನ್ನು ನೋಡಿ ಮರುಳಾಗಬೇಡಿ. ರಬ್ಬರ್ ತುದಿಗಳ ಅಳತೆಗೆ ಹೆಚ್ಚು ಗಮನ ಕೊಡಿ: ಕಾರ್ಖಾನೆಯಿಂದ ಬಂದ ಮಧ್ಯಮ ಗಾತ್ರ ನನ್ನ ಎಡಗಿವಿಗೆ ಸಡಿಲವಾಗಿತ್ತು, ದೊಡ್ಡದನ್ನು ಹಾಕಿದ ಕೂಡಲೇ ಎರಡೂ ಬದಿ ಸಮವಾದವು.

ಕರೆಗಳಲ್ಲಿ ಬಿಳಿಯದೇ ಮೇಲು, ಇದರಲ್ಲಿ ಸಂಶಯವಿಲ್ಲ. ಅದರ ಕಡ್ಡಿಯ ತುದಿಯ ಮೈಕು ಬಾಯಿಗೆ ಹತ್ತಿರ. ಊರಿನಲ್ಲಿರುವ ಅಜ್ಜಿಗೆ ಕಪ್ಪಿನಿಂದ ಕರೆ ಮಾಡಿದಾಗ, “ಎಲ್ಲಿದ್ದಿ ಮಗು, ಬಾವಿಯ ಒಳಗಿನಿಂದ ಮಾತನಾಡಿದ ಹಾಗೆ ಕೇಳುತ್ತದೆ” ಎಂದರು. ಬಿಳಿಯದರಲ್ಲಿ ದಾದರ್ ಸೇತುವೆಯ ಮೇಲಿಂದ ಮಾತನಾಡಿದರೂ ಅರ್ಥವಾಯಿತು. ಓಡುವ ರೈಲಿನಲ್ಲಿ ಮಾತ್ರ ಎರಡೂ ಸೋತವು. ಇಎನ್‌ಸಿ ಗದ್ದಲದ ಜೊತೆಗೆ ನನ್ನ ಮಾತಿನ ತುಂಡುಗಳನ್ನೂ ಕತ್ತರಿಸಿ ಹಾಕುತ್ತಿತ್ತು.

ದಟ್ಟಣೆಯಲ್ಲಿ ಸಂಪರ್ಕ ಕಡಿಯುವ ತೊಂದರೆ ಎರಡರಲ್ಲೂ ಇದೆ, ಬಿಳಿಯದರಲ್ಲಿ ಹೆಚ್ಚು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ಮನುಷ್ಯರ ಮೈಯೇ ಹೀರಿಕೊಳ್ಳುತ್ತದೆ. ಫೋನನ್ನು ಪ್ಯಾಂಟಿನ ಹಿಂಜೇಬಿನಿಂದ ಅಂಗಿಯ ಜೇಬಿಗೆ ಬದಲಿಸಿದರೆ ಬಹಳಷ್ಟು ಸರಿಹೋಗುತ್ತದೆ.

ಬ್ಯಾಟರಿಯ ವಿಷಯ ಬೇಗ ಮುಗಿಸುತ್ತೇನೆ. ಡಬ್ಬಿಯ ಮೇಲಿನ 40, 45 ಗಂಟೆ ಎಂಬುದು ಕೇಸಿನಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಿದ್ದೂ ಸೇರಿದ ಲೆಕ್ಕ. ಒಮ್ಮೆ ತುಂಬಿದರೆ ಕಪ್ಪು ಎಎನ್‌ಸಿ ಜೊತೆ ಐದು ಗಂಟೆಯ ಆಸುಪಾಸು, ಬಿಳಿ ಆರು ಗಂಟೆ ಬರುತ್ತದೆ. ಕಾಲೇಜಿನ ದಿನಕ್ಕೆ ಎರಡೂ ಸಾಕು.

ಬಿಳಿಯದರ ದೊಡ್ಡ ಕೊರತೆ ಹಿಡಿತ. ಘಾಟ್ಕೋಪರ್‌ನಲ್ಲಿ ಇಳಿಯುವವರ ಭುಜ ತಗುಲಿ ಬಲಗಡೆಯದು ಬಿದ್ದು, ಜನರ ಕಾಲುಗಳ ನಡುವೆ ಹುಡುಕಬೇಕಾಯಿತು. ಆದರೂ ಮನೆಯಲ್ಲಿ ಮೂರು ಗಂಟೆ ಪಾಠ ಕೇಳಲು ತಂಗಿ ಅದನ್ನೇ ಬಯಸುತ್ತಾಳೆ. ಕಪ್ಪು ಹಾಕಿದರೆ ಒಂದು ಗಂಟೆಯೊಳಗೆ ಕಿವಿ ಬಿಸಿಯಾಗಿ ನೋಯುತ್ತದೆ ಎನ್ನುತ್ತಾಳೆ. ಅವಳ ಮಾತು ನಿಜ, ನನಗೂ ಹಾಗೆಯೇ ಆಗುತ್ತದೆ.

ಮಳೆಗಾಲದ ಬಗ್ಗೆ ಒಂದು ಮಾತು. ಎರಡಕ್ಕೂ ಐಪಿಎಕ್ಸ್4 ಇದೆ, ಅಂದರೆ ನೀರಿನ ಸಿಡಿತವನ್ನು ತಡೆಯುತ್ತವೆ. ಅದು ಬಡ್‌ಗಳಿಗೆ ಮಾತ್ರ, ಕೇಸಿಗಲ್ಲ. ಬೆವರು ಒಣಗಿದ ಉಪ್ಪು ಚಾರ್ಜಿಂಗ್ ಬಿಂದುಗಳ ಮೇಲೆ ಕೂತು ನನ್ನ ಎಡಬಡ್ ಚಾರ್ಜ್ ಆಗುವುದೇ ನಿಂತಿತ್ತು. ಒಣ ಹತ್ತಿಯಿಂದ ಒರೆಸಿದ ಮೇಲೆ ಸರಿಯಾಯಿತು. ಕೇಸಿಗೆ ಹಾಕುವ ಮುನ್ನ ಪ್ರತಿ ಸಲ ಒರೆಸಿ.

ಪ್ಲಾಟ್‌ಫಾರ್ಮ್‌ನಲ್ಲಿ ಮತ್ತು ರಸ್ತೆ ದಾಟುವಾಗ ಕಪ್ಪನ್ನು ಎರಡೂ ಕಿವಿಗೆ ಹಾಕಿಕೊಳ್ಳಬೇಡಿ. ಅದರ ಟ್ರಾನ್ಸ್‌ಪರೆನ್ಸಿ ಮೋಡ್ ಹೊರಗಿನ ಸದ್ದನ್ನು ಒಳಗೆ ಬಿಡುತ್ತದಾದರೂ ರೈಲು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ತಿಳಿಯುವಷ್ಟು ಚೆನ್ನಾಗಿಲ್ಲ. ಮನೆಯಲ್ಲೇ ಓದುವವರಿಗೆ, ಕರೆಗಳೇ ಹೆಚ್ಚಿರುವವರಿಗೆ ಬಿಳಿಯ ಬಗೆಯದು ಸಾಕು, 300 ರೂಪಾಯಿ ಉಳಿಯುತ್ತದೆ. ಸೆಂಟ್ರಲ್ ಲೈನಿನಲ್ಲಿ ಪಾಸ್ ತೆಗೆದುಕೊಂಡಿರುವವರು ಕಪ್ಪಿನ ಬಗೆಯದನ್ನೇ ಆರಿಸಿ, ಮೊದಲ ದಿನವೇ ಮೂರೂ ಅಳತೆಯ ತುದಿಗಳನ್ನು ಹಾಕಿ ನೋಡಿ, ಬಿಲ್ಲನ್ನು ವಾರಂಟಿ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.