ವಿಷಯ: ತಮ್ಮ ಮನೆಯ 200 ಲೀಟರ್ ಸೋಲಾರ್ ವಾಟರ್ ಹೀಟರ್ ಕುರಿತು ತಾವು ಬರೆದ ದೂರಿಗೆ ಉತ್ತರ

ತುಮಕೂರು
13 ಜನವರಿ 2026

ಮಾನ್ಯರೇ,

ಜನವರಿ 6ರಂದು ತಾವು ಬರೆದ ಪತ್ರ ನಮ್ಮ ಕೈಸೇರಿದೆ. ಮನೆಯಲ್ಲಿ ಬಾಣಂತಿ ಮಗಳು, ಹಸುಗೂಸು ಮತ್ತು ವಯಸ್ಸಾದ ಮಾವನವರು ಇರುವಾಗ, ಅದೂ ಧನುರ್ಮಾಸದ ಚಳಿಯಲ್ಲಿ, ಬೆಳಗಿನ ಸ್ನಾನಕ್ಕೆ ಉಗುರುಬೆಚ್ಚಗಿನ ನೀರೂ ಸರಿಯಾಗಿ ಬಾರದೆ ಗ್ಯಾಸ್ ಒಲೆಯ ಮೇಲೆ ಪಾತ್ರೆಗಟ್ಟಲೆ ಕಾಯಿಸಿ ಬಚ್ಚಲಿಗೆ ಹೊತ್ತೊಯ್ಯಬೇಕಾಯಿತು ಎಂದು ತಾವು ಬರೆದಿದ್ದೀರಿ. ವಿದ್ಯುತ್ ಖರ್ಚು ಉಳಿಸಲೆಂದೇ ಸೋಲಾರ್ ಹಾಕಿಸಿದ ಮನೆಯಲ್ಲಿ ಡಿಸೆಂಬರ್‌ನಲ್ಲಿ ಹೊಸ ಗೀಸರ್ ಕೊಳ್ಳಬೇಕಾಗಿ ಬಂದದ್ದನ್ನೂ ತಿಳಿಸಿದ್ದೀರಿ. ಈ ತೊಂದರೆ ನಿಜವಾದದ್ದು. ಇದಕ್ಕಾಗಿ ಸಂಸ್ಥೆಯ ಪರವಾಗಿ ಕ್ಷಮೆ ಕೋರುತ್ತೇನೆ.

ಇದಕ್ಕಿಂತ ಹೆಚ್ಚಾಗಿ ತಮ್ಮನ್ನು ನೋಯಿಸಿದ್ದು ನಮ್ಮ ಸೇವಾ ಸಿಬ್ಬಂದಿ ನಡೆದುಕೊಂಡ ರೀತಿ ಎಂಬುದು ಪತ್ರದಿಂದಲೇ ತಿಳಿಯುತ್ತದೆ. ಡಿಸೆಂಬರ್ 9 ಮತ್ತು 22ರಂದು ಬಂದ ತಂತ್ರಜ್ಞರು ಎರಡು ಸಲವೂ ಟೆರೇಸಿನ ಮೇಲೆ ಹತ್ತು ನಿಮಿಷವೂ ನಿಲ್ಲದೆ, "ಮೋಡ ಇದೆ, ಬಿಸಿಲು ಬಂದ್ರೆ ಸರಿಹೋಗುತ್ತೆ" ಎಂದು ಹೇಳಿ, ಎರಡನೆಯ ಸಲ 450 ರೂಪಾಯಿ ಪಡೆದು ಹೋದರು. ಪಕ್ಕದ ಮನೆಯವರ ಸೋಲಾರ್‌ನಲ್ಲಿ ಕೈಯಿಡಲಾಗದಷ್ಟು ಬಿಸಿ ನೀರು ಬರುತ್ತಿರುವಾಗ ತಮ್ಮ ಮನೆಯ ಮೇಲೆ ಮಾತ್ರ ಮೋಡ ಕವಿದಿರುವುದೇ ಎಂದು ತಾವು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ಭೇಟಿ ಪುಸ್ತಕವನ್ನು ತೆಗೆದು ನೋಡಿದೆ. ಎರಡು ದಿನವೂ ನೀರಿನ ತಾಪಮಾನವನ್ನು ಅಳೆದ ದಾಖಲೆಯಿಲ್ಲ, ಒಂದು ಟ್ಯೂಬನ್ನೂ ಬಿಚ್ಚಿ ನೋಡಿಲ್ಲ. ಅಲ್ಲಿಂದೀಚೆಗೆ ತಾವು ಮಾಡಿದ ಕರೆಗಳಿಗೂ ಯಾರೂ ಮರಳಿ ಕರೆ ಮಾಡಿಲ್ಲ. ತಮ್ಮ ಸಿಟ್ಟು ನ್ಯಾಯವಾದದ್ದು.

ಜನವರಿ 10ರ ಶನಿವಾರ ನಮ್ಮ ಹಿರಿಯ ತಂತ್ರಜ್ಞರು ತಮ್ಮಲ್ಲಿಗೆ ಬಂದು, ತಮ್ಮ ಯಜಮಾನರ ಎದುರಿನಲ್ಲೇ ಪರಿಶೀಲಿಸಿದಾಗ ಕಂಡದ್ದನ್ನು ಈಗ ತಿಳಿಸುತ್ತೇನೆ. ಅಂದು ಸಂಜೆ 5 ಗಂಟೆಗೆ ಟ್ಯಾಂಕಿನಿಂದ ಹೊರಬಂದ ನೀರಿನ ತಾಪಮಾನ 41 ಡಿಗ್ರಿ ಸೆಲ್ಸಿಯಸ್ ಇತ್ತು. ದಿನವಿಡೀ ಬಿಸಿಲು ಬಿದ್ದ ದಿನ ಅದು 60ರ ಆಸುಪಾಸಿನಲ್ಲಿರಬೇಕಿತ್ತು. ಇಪ್ಪತ್ತು ಗಾಜಿನ ಟ್ಯೂಬ್‌ಗಳ ಪೈಕಿ ಎರಡರ ಬುಡದಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಬೆಳ್ಳಿಬಣ್ಣ ಹೋಗಿ ಹಾಲಿನಂತೆ ಬೆಳ್ಳಗಾಗಿತ್ತು. ಎರಡು ಪದರ ಗಾಜಿನ ನಡುವಿನ ನಿರ್ವಾತದೊಳಕ್ಕೆ ಗಾಳಿ ನುಗ್ಗಿದಾಗ ಮಾತ್ರ ಹೀಗಾಗುತ್ತದೆ. ಅಂತಹ ಟ್ಯೂಬ್ ಬಿಸಿಲನ್ನು ಹೀರಿಕೊಂಡರೂ ಶಾಖವನ್ನು ಹಿಡಿದಿಡಲಾರದು.

ಆದರೆ ಮುಖ್ಯ ಕಾರಣ ಇದಲ್ಲ. ಉಳಿದ ಟ್ಯೂಬ್‌ಗಳಲ್ಲಿ ನಾಲ್ಕನ್ನು ಬಿಚ್ಚಿದಾಗ ಪ್ರತಿಯೊಂದರ ಕೆಳಭಾಗದಲ್ಲಿಯೂ ಒಂದು ಅಡಿಗಿಂತ ಹೆಚ್ಚು ಎತ್ತರಕ್ಕೆ ಸುಣ್ಣದಂತಹ ಪುಡಿ ಗಟ್ಟಿಯಾಗಿ ಕೂತಿತ್ತು. ತಮ್ಮ ಬಡಾವಣೆಗೆ ಹೇಮಾವತಿ ನೀರು ಬಾರದ ದಿನಗಳಲ್ಲಿ ಬೋರ್‌ವೆಲ್ ನೀರನ್ನು ನೇರವಾಗಿ ಓವರ್‌ಹೆಡ್ ಟ್ಯಾಂಕಿಗೆ ಹತ್ತಿಸುವುದಾಗಿ ತಮ್ಮ ಯಜಮಾನರು ತಿಳಿಸಿದರು. ಆ ನೀರಿನ ಗಡಸುತನವನ್ನು ಅಳೆದಾಗ ಲೀಟರಿಗೆ 780 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವುದು 200 ಮಿಲಿಗ್ರಾಂ ಮಾತ್ರ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದು ಅದು ಹೇಳುತ್ತದೆ. ಇಂತಹ ನೀರು ಕಾದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಟ್ಯೂಬಿನಲ್ಲಿ ಕಾದ ನೀರು ಹಗುರವಾಗಿ ತಾನಾಗಿಯೇ ಟ್ಯಾಂಕಿಗೆ ಏರಬೇಕು, ತಣ್ಣನೆಯ ನೀರು ಆ ಜಾಗಕ್ಕೆ ಇಳಿಯಬೇಕು. ಇದಕ್ಕೆ ಪಂಪ್ ಇರುವುದಿಲ್ಲವಾದ್ದರಿಂದ, ಬುಡ ಮುಚ್ಚಿಕೊಂಡಷ್ಟೂ ಈ ಓಡಾಟ ಕುಗ್ಗಿ, ಎಷ್ಟೇ ಬಿಸಿಲಿದ್ದರೂ ಶಾಖ ಟ್ಯಾಂಕಿಗೆ ತಲುಪುವುದಿಲ್ಲ.

ಗಡಸು ನೀರಿನಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಸಾಲು ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ಅದನ್ನು ಮುಂದಿಟ್ಟುಕೊಂಡು ನಾವು ಜಾರಿಕೊಳ್ಳುವುದಿಲ್ಲ. 2023ರ ಆಗಸ್ಟ್‌ನಲ್ಲಿ ಹೀಟರ್ ಅಳವಡಿಸಿದಾಗ ನೀರನ್ನು ಪರೀಕ್ಷಿಸುವುದು ನಮ್ಮ ಕೆಲಸವಾಗಿತ್ತು, ಅದು ನಡೆದಿಲ್ಲ.

ಆದ್ದರಿಂದ ಜನವರಿ 18ರ ಭಾನುವಾರ ಬೆಳಿಗ್ಗೆ 6.30ಕ್ಕೆ ಇಬ್ಬರು ತಂತ್ರಜ್ಞರು ತಮ್ಮಲ್ಲಿಗೆ ಬಂದು ಹಾಳಾದ ಎರಡು ಟ್ಯೂಬ್‌ಗಳನ್ನು ಬದಲಿಸುತ್ತಾರೆ. ಉಳಿದ ಹದಿನೆಂಟನ್ನೂ ಟ್ಯಾಂಕಿನ ಒಳಭಾಗವನ್ನೂ ಸಿಟ್ರಿಕ್ ಆಮ್ಲದ ದ್ರಾವಣದಿಂದ ತೊಳೆದು, ಎಲ್ಲ ರಬ್ಬರ್ ರಿಂಗ್‌ಗಳನ್ನೂ, ಸವೆದುಹೋಗಿರುವ ಮೆಗ್ನೀಸಿಯಂ ರಾಡನ್ನೂ ಹೊಸದಾಗಿ ಹಾಕುತ್ತಾರೆ. ಇದಕ್ಕೆ ತಾವು ಏನನ್ನೂ ಕೊಡಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಪಡೆದ 450 ರೂಪಾಯಿಯನ್ನು ಅಂದೇ ರಶೀದಿಯೊಂದಿಗೆ ಹಿಂದಿರುಗಿಸಲಾಗುವುದು. ಇಷ್ಟು ಬೇಗ ಬರುವುದಕ್ಕೆ ಕಾರಣವಿದೆ: ಬಿಸಿಲೇರಿದ ಮೇಲೆ ಖಾಲಿ ಟ್ಯೂಬ್ ಕಾದುಬಿಡುತ್ತದೆ, ಅದಕ್ಕೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ಕೆಲಸ ಮುಗಿಯುವವರೆಗೆ ಹೀಟರಿನಿಂದ ನೀರು ಬರುವುದಿಲ್ಲವಾದ್ದರಿಂದ ಬಾಣಂತಿ ಮತ್ತು ಮಗುವಿನ ಸ್ನಾನಕ್ಕೆ ಬೇಕಾದ ಬಿಸಿ ನೀರಿನ ಏರ್ಪಾಡನ್ನು ಅಂದೊಂದು ದಿನ ಬೇರೆಯಾಗಿ ಮಾಡಿಕೊಳ್ಳಬೇಕೆಂದು ವಿನಂತಿ.

ಇಡೀ ಹೀಟರನ್ನೇ ಬದಲಿಸಿಕೊಡಬೇಕೆಂದು ತಾವು ಕೇಳಿದ್ದೀರಿ. ಸದ್ಯಕ್ಕೆ ಅದನ್ನು ಒಪ್ಪಲು ಸಾಧ್ಯವಾಗುತ್ತಿಲ್ಲ. ಟ್ಯಾಂಕ್ ಎಲ್ಲಿಯೂ ಸೋರುತ್ತಿಲ್ಲ, ಅದರ ಶಾಖ ಹಿಡಿದಿಡುವ ಹೊದಿಕೆಯೂ ಗಟ್ಟಿಯಾಗಿದೆ. ಇದೇ ನೀರು ಹರಿದರೆ ಹೊಸ ಹೀಟರಿನಲ್ಲಿಯೂ ಇದೇ ಸುಣ್ಣ ಕೂರುತ್ತದೆ. ಆದರೆ ಶುದ್ಧೀಕರಣದ ನಂತರ ಬಿಸಿಲಿರುವ ಮೂರು ದಿನ ಸಂಜೆ 5ಕ್ಕೆ ನಾವೇ ಬಂದು ಅಳೆಯುತ್ತೇವೆ. ಆಗಲೂ ನೀರು 55 ಡಿಗ್ರಿಯನ್ನು ಮುಟ್ಟದಿದ್ದರೆ ಹೀಟರನ್ನು ಪೂರ್ತಿಯಾಗಿ ಬದಲಿಸಿಕೊಡುವೆವು. ಈ ಪತ್ರವನ್ನೇ ಅದಕ್ಕೆ ಲಿಖಿತ ಭರವಸೆಯೆಂದು ಇಟ್ಟುಕೊಳ್ಳಬಹುದು.

ಮುಂದೆ ಸುಣ್ಣ ಕೂರದಂತೆ ಮಾಡಲು ಎರಡು ದಾರಿಗಳಿವೆ. ಉಪ್ಪು ಬಳಸಿ ಕೆಲಸ ಮಾಡುವ ವಾಟರ್ ಸಾಫ್ಟ್‌ನರ್ ಅಳವಡಿಸುವುದು ಒಂದು. ಅದಕ್ಕೆ ಖರ್ಚು ಹೆಚ್ಚು, ಆಗಾಗ ಉಪ್ಪು ಹಾಕುತ್ತಿರಬೇಕು, ಮತ್ತು ಆ ನೀರಿನಲ್ಲಿ ಸೋಡಿಯಂ ಹೆಚ್ಚುವುದರಿಂದ ರಕ್ತದೊತ್ತಡವಿರುವ ಹಿರಿಯರಿಗೆ ಅದನ್ನು ಕುಡಿಯಲು ಕೊಡದಿರುವುದು ಒಳ್ಳೆಯದು. ಇನ್ನೊಂದು ಸರಳವಾದದ್ದು: ತಮ್ಮ ಸಂಪಿಗೆ ಬರುವ ಹೇಮಾವತಿ ನೀರನ್ನು ಹೀಟರಿಗೆಂದೇ 500 ಲೀಟರಿನ ಪ್ರತ್ಯೇಕ ಟ್ಯಾಂಕಿನಲ್ಲಿ ತುಂಬಿಸಿ, ಬೋರ್‌ವೆಲ್ ನೀರು ಆ ಕಡೆಗೆ ಹೋಗದಂತೆ ಪೈಪನ್ನು ಬೇರ್ಪಡಿಸುವುದು. ಸಾಫ್ಟ್‌ನರ್ ಅನ್ನು ನಾವೂ ಮಾರುತ್ತೇವೆ, ಆದರೂ ತಮ್ಮ ಮನೆಗೆ ನನ್ನ ಸಲಹೆ ಎರಡನೆಯದೇ. ಟ್ಯಾಂಕ್ ಮತ್ತು ಪೈಪಿನ ಬೆಲೆ ತಮ್ಮದು, ತಮಗೆ ಬೇಕಾದ ಅಂಗಡಿಯಲ್ಲಿ ಕೊಳ್ಳಬಹುದು. ಜೋಡಿಸುವ ಕೂಲಿಯನ್ನು ನಾವು ಪಡೆಯುವುದಿಲ್ಲ. ಒಪ್ಪಿಗೆಯಿದ್ದರೆ ಭಾನುವಾರವೇ ಎರಡೂ ಕೆಲಸ ಮುಗಿಸಬಹುದು.

ಇನ್ನು ಮುಂದೆ ತಾವು ಸೇವಾ ಕೇಂದ್ರದ ಸಾಮಾನ್ಯ ಸಂಖ್ಯೆಗೆ ಕರೆ ಮಾಡಿ ಕಾಯಬೇಕಾಗಿಲ್ಲ. ನನ್ನ ಸ್ವಂತ ಮೊಬೈಲ್ ಸಂಖ್ಯೆಯನ್ನು ತಮಗೆ ಎಸ್‌ಎಂಎಸ್ ಮಾಡಿದ್ದೇನೆ. ಭಾನುವಾರದ ಸಮಯ ಅನುಕೂಲವಲ್ಲದಿದ್ದರೆ ಶುಕ್ರವಾರ ಸಂಜೆಯೊಳಗೆ ತಿಳಿಸಿದಲ್ಲಿ ತಮಗೆ ಒಗ್ಗುವ ದಿನಕ್ಕೆ ಬದಲಿಸುತ್ತೇನೆ. ಅಂದು ಕೆಲಸ ನಡೆಯುವಾಗ ನಾನೂ ಬಂದಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಮಾರಾಟೋತ್ತರ ಸೇವಾ ವಿಭಾಗ, ತುಮಕೂರು ಶಾಖೆ