ಸುಮಾಳ ಮದುವೆಗೆ ನಾನು ಬರುತ್ತಿಲ್ಲ, ಅಕ್ಕ

ಶಿವಮೊಗ್ಗ
ಏಪ್ರಿಲ್ 20, 2026

ಪ್ರೀತಿಯ ಅಕ್ಕನಿಗೆ ಸಾವಿತ್ರಿ ಮಾಡುವ ನಮಸ್ಕಾರಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಮೇ 6ರ ಬುಧವಾರ ಸುಮಾಳ ಮದುವೆಗೆ ನಾನು ಬರುವುದಿಲ್ಲ. ಹಿಂದಿನ ದಿನದ ಚಪ್ಪರಕ್ಕೂ ಇಲ್ಲ. ಇವರೂ ಬರುವುದಿಲ್ಲ. ‘ನೋಡೋಣ’, ‘ಆದ್ರೆ ಬರ್ತೀವಿ’ ಅನ್ನುವ ಮಾತು ಈ ಕಾಗದದಲ್ಲಿ ಎಲ್ಲೂ ಇಲ್ಲ. ನೀನು ನಮ್ಮ ದಾರಿ ಕಾಯಬಾರದು ಅಂತಲೇ ಬರೆಯುತ್ತಿದ್ದೇನೆ.

ಹೋದ ಗುರುವಾರ ನಾನು ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಹೀಗಿತ್ತು: ‘ಅಕ್ಕಾ, ಬರಬೇಕು ಅಂತಾನೇ ಇದೀವಿ. ಇವರಿಗೆ ರಜೆ ಸಿಗೋದು ಕಷ್ಟ ಆಗಿದೆ. ನಂಗೂ ಮಂಡಿ ನೋವು, ಬಸ್ಸಲ್ಲಿ ಕೂರೋಕಾಗಲ್ಲ. ಆ ವಾರ ಇನ್ನೂ ಏನೇನೋ ಕೆಲಸ ಬಂದಿದೆ. ಆದಷ್ಟು ಟ್ರೈ ಮಾಡ್ತೀವಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ.’ ಕೊನೆಗೆ ಎರಡು ಕೈ ಮುಗಿಯುವ ಚಿತ್ರ. ನೀನು ‘ಸರಿ’ ಅಂತ ಒಂದೇ ಮಾತು ಬರೆದೆ. ನಿನ್ನ ‘ಸರಿ’ ನನಗೆ ಹೊಸದಾ? ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ರಜೆ ಅಂತೆ! ಇವರು ನಿವೃತ್ತಿಯಾಗಿ ಎರಡು ವರ್ಷವಾಯಿತು, ರಜೆ ಕೊಡುವವರು ಯಾರು? ಬೀಳ್ಕೊಡುಗೆಯ ದಿನ ಭಾವ ಮುಂದಿನ ಸಾಲಿನಲ್ಲೇ ಕೂತಿದ್ದರು. ಇನ್ನು ಮಂಡಿ. ಯುಗಾದಿಗೆ ಬಂದಾಗ ನಿಮ್ಮನೆ ಅಟ್ಟ ಹತ್ತಿ ಹಳೆ ಪೆಟ್ಟಿಗೆ ಇಳಿಸಿಕೊಟ್ಟವಳು ನಾನೇ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವವಳು ಸುಳ್ಳು ಹೇಳಲೇಬಾರದು. ಆ ಮೆಸೇಜನ್ನು ಅಳಿಸಿಹಾಕು, ಅದರ ಜಾಗದಲ್ಲಿ ಇದನ್ನು ಇಟ್ಟುಕೋ.

ನಿಜವಾದ ಕಾರಣ ಲತಾ. ಅವಳಿಗೆ ಈಗ ಮೂವತ್ತೈದು ವಾರ ತುಂಬಿದೆ.

ನಿನಗೂ ಹೇಳಿರಲಿಲ್ಲ ಅಂತ ನೋವಾಗುತ್ತದೆ, ಗೊತ್ತು. ಆದರೆ ಹಿಂದೆ ಎರಡು ಸಲ ಆಗಿದ್ದು ನಿನಗೇ ತಿಳಿದಿದೆ. ಎರಡನೆಯದು ಐದನೇ ತಿಂಗಳಲ್ಲಿ ಹೋಯಿತು, ಅಷ್ಟು ಹೊತ್ತಿಗೆ ಊರಿಗೆಲ್ಲ ಸಿಹಿ ಹಂಚಿಯಾಗಿತ್ತು. ಆಮೇಲೆ ಸಿಕ್ಕವರೆಲ್ಲ ‘ಪಾಪು ಹೇಗಿದೆ’ ಅಂತ ಕೇಳಿ ಕೇಳಿ, ಆ ಹುಡುಗಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಹಾಗಾಗಿ ಈ ಸಲ ‘ಅಮ್ಮ, ಕೈಗೆ ಬರೋವರೆಗೂ ಯಾರಿಗೂ ಬೇಡ’ ಅಂದಳು. ನಾನು ಮಾತು ಕೊಟ್ಟೆ. ಗರ್ಭಕೋಶದ ಬಾಯಿ ಸಡಿಲವಿದೆ, ತೂಕ ತಡೆಯುವುದಿಲ್ಲ ಅಂತ ನವೆಂಬರಿನಲ್ಲಿ ಡಾಕ್ಟರು ಅಲ್ಲಿಗೆ ಹೊಲಿಗೆ ಹಾಕಿದ್ದಾರೆ. ಅಂದಿನಿಂದ ಮೆಟ್ಟಿಲು ಹತ್ತುವಂತಿಲ್ಲ, ಬಕೆಟ್ ಎತ್ತುವಂತಿಲ್ಲ. ಯುಗಾದಿ ದಿನ ನಿಮ್ಮ ಜಗಲಿಯಲ್ಲಿ ಕೂತು ನೀನು ‘ಲತಾ ಯಾಕೆ ಬರಲಿಲ್ಲ’ ಅಂತ ಕೇಳಿದಾಗ ಮಾತು ನಾಲಿಗೆ ತುದಿಗೆ ಬಂದಿತ್ತು. ಹೋಳಿಗೆ ಬಾಯಿಗಿಟ್ಟುಕೊಂಡು ಸುಮ್ಮನಾದೆ.

ಮೇ 4ರ ಸೋಮವಾರಕ್ಕೆ ಮೂವತ್ತೇಳು ವಾರ ತುಂಬುತ್ತದೆ. ಅಂದು ಹೊಲಿಗೆ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಆ ರಾತ್ರಿಯೇ ನೋವು ಬಂದರೂ ಬರಬಹುದು, ಎರಡು ವಾರ ಬಿಟ್ಟು ಬಂದರೂ ಬರಬಹುದು. ಮದುವೆ ಅದಾಗಿ ಎರಡೇ ದಿನಕ್ಕೆ. ಪುಣೆಯಲ್ಲಿ ಅವಳ ಕೈಹಿಡಿಯುವ ಹೆಂಗಸರು ನನ್ನ ಬಿಟ್ಟರೆ ಯಾರಿದ್ದಾರೆ? ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಅಳಿಯನಿಗೆ ರಾತ್ರಿ ಪಾಳಿ, ಅವನಿಲ್ಲದ ಹೊತ್ತಿಗೆ ಕಾರು ಓಡಿಸಲು ಇವರು ಬೇಕು. ‘ಇವರೊಬ್ಬರನ್ನಾದರೂ ಮುಹೂರ್ತಕ್ಕೆ ಕಳಿಸುತ್ತೇನೆ’ ಅಂತ ಬರೆಯಲು ಹೊರಟಿದ್ದೆ. ಅದೂ ಅರ್ಧ ಸುಳ್ಳಾಗುತ್ತಿತ್ತು. ಬರುವ ಭಾನುವಾರ ಇಬ್ಬರೂ ಹೊರಡುತ್ತಿದ್ದೇವೆ.

ನಿನ್ನೆ ರಾತ್ರಿ ಲತಾಳಿಗೆ ಫೋನ್ ಮಾಡಿ, ‘ದೊಡ್ಡಮ್ಮನಿಗೆ ಸುಳ್ಳು ಹೇಳಿ ನನಗೆ ನಿದ್ದೆ ಬರ್ತಿಲ್ಲ ಕಣೇ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೊಡ್ಡಮ್ಮನಿಗೆ, ದೊಡ್ಡಪ್ಪನಿಗೆ ಹೇಳು. ಮದುವೆ ಮನೇಲಿ ಬೇರೆ ಯಾರಿಗೂ ಬೇಡ’ ಅಂದಳು. ಅದನ್ನು ನಿನಗೆ ಬಿಟ್ಟಿದ್ದೇನೆ. ಯಾರಾದರೂ ಕೇಳಿದರೆ ‘ಮಗಳ ಮನೇಲಿ ಇದಾಳೆ, ಬರೋಕಾಗಲ್ಲ ಅಂತ ಮೊದಲೇ ಹೇಳಿದಾಳೆ’ ಅನ್ನು. ಅದು ನಿಜವೇ. ಹೆಚ್ಚಿಗೆ ಕೇಳುವವರಿಗೆ ಎಲೆ ಹಾಕಿ ಊಟಕ್ಕೆ ಕೂರಿಸು.

ಕರೆಯುವ ರೀತಿಯಲ್ಲಿ ಏನೋ ಕೊರತೆಯಾಯಿತು, ಅದಕ್ಕೇ ಸಾವಿತ್ರಿ ಮುನಿಸಿಕೊಂಡಳು ಅಂತ ಭಾವ ಅಂದುಕೊಂಡಿದ್ದರೆ, ಅದನ್ನು ಇವತ್ತೇ ಮನಸ್ಸಿನಿಂದ ತೆಗೆಯಲು ಹೇಳು. ಆ ಬಿಸಿಲಲ್ಲಿ ಇಬ್ಬರೂ ತುಮರಿಯಿಂದ ಶಿವಮೊಗ್ಗದವರೆಗೆ ಬಂದು, ಕುಂಕುಮ ಕೊಟ್ಟು, ಬಾಗಿಲಲ್ಲಿ ನಿಂತು ‘ಎರಡು ದಿನ ಮುಂಚೆ ಬರಬೇಕು’ ಅಂತ ಕರೆದು ಹೋದಿರಿ. ಅದಕ್ಕಿಂತ ಕ್ರಮವಾಗಿ ಯಾರು ಕರೆಯುತ್ತಾರೆ? ಅಂದು ‘ಆಯ್ತಕ್ಕಾ’ ಅಂದಿದ್ದೇ ನನ್ನ ಮೊದಲ ತಪ್ಪು. ದಿನ ಕೇಳಿದ ಕೂಡಲೇ ಮನಸ್ಸಿನಲ್ಲಿ ವಾರ ಎಣಿಸಿ ಆಗಿತ್ತು. ಅಧಿಕ ಜ್ಯೇಷ್ಠ ಬರುವುದರೊಳಗೆ ಮುಗಿಸಬೇಕು, ಬೇರೆ ದಿನ ಇಲ್ಲ ಅಂತ ಭಾವ ಹೇಳುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ನಿಂತೆ.

ಒಂದು ಮಾತು ನೆನಪಾಗಿ ನಗು ಬರುತ್ತದೆ. ನಮ್ಮ ಕಡೆ ಯಾವ ಕಾರ್ಯಕ್ಕೆ ಬರಲಾಗದಿದ್ದರೂ ‘ಲಾಂಚು ಸಿಗಲಿಲ್ಲ’ ಅಂದರೆ ಮುಗಿಯುತ್ತಿತ್ತು. ಯಾರೂ ಮುಂದೆ ಕೇಳುತ್ತಿರಲಿಲ್ಲ. ಹೋದ ಜುಲೈನಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯಾಯಿತು ನೋಡು, ಆ ನೆಪವೂ ಹೋಯಿತು.

ನಿನಗೆ ಮಾತ್ರ ಲಾಂಚು ನಿಜವಾಗಿಯೂ ತಪ್ಪಿತ್ತು. 1993ರಲ್ಲಿ ನನ್ನ ಮದುವೆಗೆ. ಕೊನೆಯ ಲಾಂಚು ಹೊರಟುಹೋಗಿ, ಆ ದಡದಲ್ಲಿ ಯಾರದೋ ಮನೆಯ ಜಗಲಿ ಮೇಲೆ ರಾತ್ರಿ ಕಳೆದು, ಬೆಳಿಗ್ಗೆ ಮೊದಲ ಲಾಂಚಿಗೆ ಹಿನ್ನೀರು ದಾಟಿ ಬಂದೆ. ಸೀರೆ ಸೆರಗು ಒದ್ದೆ, ಕಂಕುಳಲ್ಲಿ ಚೀಲ. ಬಂದವಳು ನೀರೂ ಕುಡಿಯಲಿಲ್ಲ. ‘ಗೋಡೆ ಎಲ್ಲಿ’ ಅಂದೆ. ಕೆಮ್ಮಣ್ಣು ಬಳಿದು ಒಣಗಿದ್ದ ಗೋಡೆ ಮುಂದೆ ಮೊಣಕಾಲೂರಿ, ಪುಂಡಿ ನಾರಿನ ಕುಂಚ ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಒಂದೇ ಉಸಿರಿಗೆ ಅಂಚಿನ ಎಳೆ ಎಳೆದೆ. ನಾನು ಅರಿಶಿನ ಮೈಯಲ್ಲಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆ ಎಳೆ ಎಲ್ಲೂ ಅಲುಗಲಿಲ್ಲ.

ಈಗ ನಿನಗೆ ಕೈ ನಡುಗುತ್ತದೆ ಅಂತ ಸುಮಾಳ ಹಸೆ ನಾನು ಬರೆಯಬೇಕು ಅಂದಿದ್ದೆ. ಇದೊಂದೇ ನನ್ನನ್ನು ತಿನ್ನುತ್ತಿರುವುದು. ಊಟಕ್ಕೆ ಎರಡು ಎಲೆ ಕಡಿಮೆಯಾದರೆ ಮದುವೆ ನಿಲ್ಲುವುದಿಲ್ಲ. ಗೋಡೆ ಖಾಲಿ ಇರಬಾರದಲ್ಲ. ಅದಕ್ಕೇ ಗೌರಿಯ ಹತ್ತಿರ ಮಾತಾಡಿದ್ದೇನೆ. ಅವಳು 4ನೇ ತಾರೀಕು ಮಧ್ಯಾಹ್ನವೇ ನಿಮ್ಮನೆಗೆ ಬರುತ್ತಾಳೆ, ಒಪ್ಪಿಕೊಂಡಿದ್ದಾಳೆ. ಹೋದ ವರ್ಷ ಅವಳ ತಂಗಿ ಮದುವೆಯಲ್ಲಿ ಬರೆದದ್ದನ್ನು ನೋಡಿದೆ. ದಂಡಿಗೆ ಬರೆಯುವುದರಲ್ಲಿ ನನಗಿಂತ ಒಂದು ಕೈ ಮೇಲು. ಅಂಚಿನ ಎಳೆ ಮಾತ್ರ ಅವಸರ ಮಾಡುತ್ತಾಳೆ, ನೀನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರು.

ಈ ಕಾಗದ ತರುವ ಹುಡುಗ ನಮ್ಮ ಪಕ್ಕದ ಮನೆಯವನು, ಒಂದು ಬಟ್ಟೆ ಚೀಲವನ್ನೂ ಕೊಡುತ್ತಾನೆ. ಅದರಲ್ಲಿ ನಾಲ್ಕು ಕುಂಚ ಇವೆ, ಎರಡು ತೆಳ್ಳಗಿನವು. ಒಣಗಿಸಿದ ಗುರಿಗೆ ಕಾಯಿ ಒಂದು ಪೊಟ್ಟಣ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಸೆಯ ನಕ್ಷೆ ಬರೆದಿಟ್ಟಿದ್ದೇನೆ, ಅಮ್ಮ ಬರೆಯುತ್ತಿದ್ದ ಮಾದರಿಯೇ, ಗಂಡು ಹೆಣ್ಣಿನ ತಲೆಯ ಮೇಲಿನ ಬಾಸಿಂಗ ಸಮೇತ. ಸುಮಾಳಿಗೆ ಹಸಿರು ರೇಷ್ಮೆ ಸೀರೆ, ಹುಡುಗನಿಗೆ ಪಂಚೆ ಶಲ್ಯ. ಧಾರೆಯಾದ ಮೇಲೆ ಆರತಿ ಎತ್ತುವಾಗ ನನ್ನ ಹೆಸರಿನಲ್ಲಿ ನೀನೇ ಕೊಡು. ಕವರಿನಲ್ಲಿಟ್ಟಿದ್ದು ಮುಯ್ಯಿ ಪುಸ್ತಕದಲ್ಲಿ ಬರೆಸಬೇಡ, ಅದು ನನ್ನ ನಿನ್ನ ನಡುವೆ ಇರಲಿ.

ಅಡುಗೆ ಭಟ್ಟರಿಗೆ ಹೇಳುವ ಲೆಕ್ಕದಲ್ಲಿ ನಮ್ಮ ಮನೆಯದನ್ನು ತೆಗೆದುಬಿಡು. ನಮಗೆ ಅಂತ ಇಟ್ಟಿದ್ದ ಅಟ್ಟದ ಕೆಳಗಿನ ಕೋಣೆಯನ್ನು ಹುಬ್ಬಳ್ಳಿಯ ಅತ್ತೆಗೆ ಕೊಡು, ಬಚ್ಚಲು ಹತ್ತಿರ, ಅವರಿಗೆ ಅನುಕೂಲ. ‘ಕೊನೇ ಗಳಿಗೇಲಿ ಬಂದ್ರೂ ಬರಬಹುದು’ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಬರುವುದಿಲ್ಲ.

ಧಾರೆಯ ಹೊತ್ತಿಗೆ ವಿಡಿಯೊ ಕಾಲ್ ಮಾಡಿಸು ಅಂತ ಕೇಳುವುದಿಲ್ಲ. ನಾನು ಆಸ್ಪತ್ರೆಯ ಯಾವ ಬಾಗಿಲಲ್ಲಿ ನಿಂತಿರುತ್ತೇನೋ, ನಿನಗೂ ಅಂದು ಫೋನ್ ಹಿಡಿಯಲು ಪುರುಸೊತ್ತಿರುವುದಿಲ್ಲ. ಗೋಡೆ ಬರೆದು ಮುಗಿದ ಮೇಲೆ ಗೌರಿ ಒಂದು ಫೋಟೊ ಕಳಿಸಿದರೆ ಸಾಕು.

ಬಾಣಂತನ ಮುಗಿಸಿ ಊರಿಗೆ ಬರುವುದು ಆಗಸ್ಟ್ ಕೊನೆ ಆಗುತ್ತದೆ. ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ನಿಮ್ಮನೆಗೆ ಬರುತ್ತೇನೆ. ಸುಮಾಳನ್ನೂ ಅಳಿಯನನ್ನೂ ಆಗ ಕರೆಸು. ಈ ಸಲದ ಭೂಮಣ್ಣಿ ಬುಟ್ಟಿ ನಾನೇ ಬರೆಯುತ್ತೇನೆ, ಬೇರೆ ಯಾರಿಗೂ ಕೊಡಬೇಡ. ದೇವರು ಕಣ್ಣು ಬಿಟ್ಟರೆ ಲತಾ ಮಗುವನ್ನು ಎತ್ತಿಕೊಂಡು ಜೊತೆಗೆ ಬರುತ್ತಾಳೆ.

ಸುಮಾಳನ್ನು ಹತ್ತಿರ ಕೂರಿಸಿಕೊಂಡು, ಚಿಕ್ಕಮ್ಮ ಬರಲಿಲ್ಲ ಅಂತ ಮುಖ ಸಣ್ಣ ಮಾಡಬಾರದು ಅಂತ ಹೇಳು. ಅವಳು ಹುಟ್ಟಿದ ರಾತ್ರಿ ನಿನ್ನ ಪಕ್ಕದಲ್ಲಿ ನಾನಿದ್ದೆ. ಈಗ ಲತಾಳ ಸರದಿ. ಸುಮಾಳಿಗೂ ಅವಳ ಗಂಡನಿಗೂ ನಮ್ಮಿಬ್ಬರ ಆಶೀರ್ವಾದ. ಭಾವನವರಿಗೆ ನಮಸ್ಕಾರ.

ಬೈಯಬೇಕು ಅನ್ನಿಸಿದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಅಷ್ಟು ಹೊತ್ತಿಗೆ ಪಾತ್ರೆ ತೊಳೆದು ಕೂತಿರುತ್ತೇನೆ. ‘ಸರಿ’ ಅಂತ ಮಾತ್ರ ಬರೆಯಬೇಡ.

ಇಂತಿ ನಿನ್ನ ತಂಗಿ,
ಸಾವಿತ್ರಿ

ಮರೆತಿದ್ದೆ: ಗುರಿಗೆ ಕಾಯಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು, ಇಲ್ಲದಿದ್ದರೆ ಹಳದಿ ಬಿಡುವುದಿಲ್ಲ. ಕಪ್ಪಿಗೆ ಅಕ್ಕಿ ಹುರಿಯುವಾಗ ಪೂರ್ತಿ ಕರಕಾಗುವವರೆಗೂ ಬಿಡಲು ಗೌರಿಗೆ ಹೇಳು, ಅವಳು ಹೊಗೆಗೆ ಹೆದರಿ ಬೇಗ ಇಳಿಸುತ್ತಾಳೆ.