ಮಾಮನ ಅಂಗಡಿ ಉದ್ರಿ ಲೆಕ್ಕ: ಗಿರಾಕಿವಾರು ಖಾತೆ, ಜೂನ್ 1ರಿಂದ 8

ಮಾಮ, ಹನುಮಂತನಗರದ ಅಂಗಡಿಯ ಉದ್ರಿ ಪುಸ್ತಕದಲ್ಲಿ ತಾರೀಖಿನ ಪ್ರಕಾರ ಇದ್ದದ್ದನ್ನೆಲ್ಲ ಒಬ್ಬೊಬ್ಬರ ಹೆಸರಿಗೆ ಬೇರೆ ಮಾಡಿದ್ದೇನೆ. ಸಾಮಾನು ಕೊಟ್ಟದ್ದು ಉದ್ರಿ, ದುಡ್ಡು ಬಂದದ್ದು ಜಮಾ, ಕೊನೆಯ ಕಾಲಂನಲ್ಲಿ ಆ ಹೊತ್ತಿಗೆ ಉಳಿದ ಬಾಕಿ. ಎಲ್ಲ ರೂಪಾಯಿಯಲ್ಲಿ.

ಆಟೋ ಅಣ್ಣ, 4ನೇ ಕ್ರಾಸ್

| ತಾರೀಖು | ವಿವರ | ಉದ್ರಿ | ಜಮಾ | ಬಾಕಿ |
|---|---|---|---|---|
| – | ಹಿಂದಿನ ಬಾಕಿ | | | 640 |
| 1 | ಅಕ್ಕಿ 5 ಕೆಜಿ | 310 | | 950 |
| 3 | ನಗದು | | 500 | 450 |
| 6 | ಎಣ್ಣೆ 1 ಲೀಟರ್, ಸಕ್ಕರೆ 1 ಕೆಜಿ | 195 | | 645 |

ಪುಸ್ತಕದಲ್ಲಿ "ಆಟೋ" ಅಂತ ಒಂದು ಕಡೆ, "ಹಳದಿ ಮನೆ" ಅಂತ ಇನ್ನೊಂದು ಕಡೆ ಇದೆ. ಅತ್ತೆಯನ್ನ ಕೇಳಿದೆ, ಇಬ್ಬರೂ ಒಬ್ಬರೇ ಅಂದರು, ಅದಕ್ಕೇ ಸೇರಿಸಿದೆ. 3ನೇ ತಾರೀಖು ಅವರು 500 ಕೊಟ್ಟಾಗ ನೀವು ಹಳೇ 640ರ ಸಾಲನ್ನೇ ಪೂರ್ತಿ ಹೊಡೆದು ಹಾಕಿದ್ದೀರಿ, ಹಾಗಾಗಿ 140 ರೂಪಾಯಿ ಪುಸ್ತಕದಿಂದಲೇ ಹೋಗಿಬಿಟ್ಟಿತ್ತು. ದಯವಿಟ್ಟು ಇನ್ನು ಮುಂದೆ ಸಾಲು ಹೊಡೆಯಬೇಡಿ ಮಾಮ, ಬಂದಷ್ಟನ್ನು ಜಮಾ ಅಂತ ಬರೆದರೆ ಸಾಕು.

ಟೀಚರ್ ಅಮ್ಮ, ಮೂರನೇ ಮಹಡಿ

| ತಾರೀಖು | ವಿವರ | ಉದ್ರಿ | ಜಮಾ | ಬಾಕಿ |
|---|---|---|---|---|
| – | ಹಿಂದಿನ ಬಾಕಿ | | | 0 |
| 2 | ತೊಗರಿಬೇಳೆ, ರವೆ | 205 | | 205 |
| 5 | ಮೊಸರು, ಬ್ರೆಡ್ | 75 | | 280 |
| 7 | ಫೋನ್‌ಪೇ | | 300 | -20 |

ಮೈನಸ್ 20 ಅಂದ್ರೆ ಅವರ ದುಡ್ಡು ನಮ್ಮ ಹತ್ತಿರ ಜಾಸ್ತಿ ಇದೆ. ಮುಂದಿನ ಸಾಮಾನಿಗೆ ತಾನಾಗೇ ಕಳೆಯುತ್ತೆ.

ಟೀ ಅಂಗಡಿಯವರು

| ತಾರೀಖು | ವಿವರ | ಉದ್ರಿ | ಜಮಾ | ಬಾಕಿ |
|---|---|---|---|---|
| – | ಹಿಂದಿನ ಬಾಕಿ | | | 1,180 |
| 1 | ಸಕ್ಕರೆ 5 ಕೆಜಿ, ಟೀ ಪುಡಿ 1 ಕೆಜಿ | 690 | | 1,870 |
| 4 | ನಗದು | | 1,000 | 870 |
| 5 | ಸಕ್ಕರೆ 5 ಕೆಜಿ | 230 | | 1,100 |
| 8 | ಬಿಸ್ಕತ್ತು | 240 | | 1,340 |

ಇವರು ಸಾವಿರ ಕೊಟ್ಟರೂ ಬಾಕಿ ಮೊದಲಿಗಿಂತ 160 ಏರಿದೆ, ದೊಡ್ಡ ಮೊತ್ತ ಕೈಗೆ ಬಂದಾಗ ಅದು ಗೊತ್ತಾಗೋದೇ ಇಲ್ಲ, ಈ ಕೊನೆಯ ಕಾಲಂ ಮುಖ್ಯ ಅನ್ನೋದು ಅದಕ್ಕೇ.

ತಾಳೆ: ಹಿಂದಿನ ಬಾಕಿ 1,820 + ಉದ್ರಿ 1,945 - ಜಮಾ 1,800 = 1,965. ಮೂವರ ಕೊನೆಯ ಬಾಕಿ 645 - 20 + 1,340, ಅದೂ 1,965. ಸರಿ ಬಂತು.

ಫೋನಿನ ಶೀಟ್‌ನಲ್ಲೂ ಇದೇ ಕಾಲಂಗಳನ್ನು A ಯಿಂದ E ವರೆಗೆ ಹಾಕಿದ್ದೇನೆ. ಹಿಂದಿನ ಬಾಕಿ E2ರಲ್ಲಿದೆ. E3ರಲ್ಲಿ ಇದನ್ನು ಹಾಕಿ ಕೆಳಗೆ ಎಳೆದರೆ ಆಯ್ತು:

```
=E2+C3-D3
```

ಯಾರ ಖಾತೆಗೂ ಹಾಕದೆ ಬಿಟ್ಟದ್ದು: 5ನೇ ತಾರೀಖು "ಅಕ್ಕ 60" ಅಂತಷ್ಟೇ ಇದೆ. ಹೂವಿನ ಅಕ್ಕನಾ, ಹಿಂದಿನ ಬೀದಿಯ ಟೈಲರ್ ಅಕ್ಕನಾ? ಊಹೆ ಮೇಲೆ ಯಾರ ತಲೆಗೂ ಕಟ್ಟೋದು ಬೇಡ. ನಿಮಗೆ ನೆನಪಾದರೆ ಹೇಳಿ, ಹೊಸ ಖಾತೆ ತೆಗೆಯುತ್ತೇನೆ.